ಕೂಲರ್ರೋ, ಎಸಿಯೋ? ಏಪ್ರಿಲ್ ತಿಂಗಳ ಬಿಲ್ ಮುಂದಿಟ್ಟುಕೊಂಡು ಒಂದು ಲೆಕ್ಕ

ಮಾರ್ಚ್ ಕಳೆದು ಏಪ್ರಿಲ್ ಬಂತೆಂದರೆ ನಮಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಸುದ್ದಿಗಾಗಿ ಬರುವುದಿಲ್ಲ. "ಪೇಪರ್‌ನೋರಲ್ವಾ ನೀವು, ನಿಮಗೆ ಗೊತ್ತಿರುತ್ತೆ, ಬೆಡ್‌ರೂಮಿಗೆ ಕೂಲರ್ ತಗೊಳ್ಳೋದಾ, ಎಸಿ ಹಾಕ್ಸೋದಾ?" ಎಂದು ಕೇಳುತ್ತಾರೆ. ಗುಬ್ಬಿಯಿಂದ ಕೇಳುತ್ತಾರೆ, ಕುಣಿಗಲ್ಲಿಂದ ಕೇಳುತ್ತಾರೆ, ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯವರೂ ಕೇಳುತ್ತಾರೆ. ಅಂಗಡಿಯಲ್ಲಿ ಬೆಲೆ ಹೇಳುತ್ತಾರೆ, ಕಂತು ಹೇಳುತ್ತಾರೆ. ತಿಂಗಳಿಗೆ ಕರೆಂಟು ಎಷ್ಟು ತಿನ್ನುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಒಂದೊಂದು ಸುದ್ದಿಗೆ ಇಷ್ಟೆಂದು ದುಡ್ಡು ಎಣಿಸಿಕೊಳ್ಳುವ ಸ್ಟ್ರಿಂಗರ್ ಮನೆ ನಮ್ಮದು. ತಿಂಗಳ ಬಿಲ್ ಐನೂರು ರೂಪಾಯಿ ಏರಿದರೂ ಗೊತ್ತಾಗುತ್ತದೆ. ಹಾಗಾಗಿ ಕಳೆದ ಬೇಸಿಗೆಯಲ್ಲಿ ನಾವು ಮೂರು ಮನೆಗಳ ಲೆಕ್ಕ ಇಟ್ಟೆವು. ತುಮಕೂರಿನ ನಮ್ಮ ಬಾಡಿಗೆ ಮನೆಯಲ್ಲಿ ಕೂಲರ್ ಇದೆ. ಗುಬ್ಬಿಯ ಮಾವನವರ ಮನೆಯಲ್ಲಿ ಒಂದು ಟನ್ನಿನ ಸ್ಪ್ಲಿಟ್ ಎಸಿ ಇದೆ. ಕುಣಿಗಲ್ ಹತ್ತಿರದ ನಮ್ಮ ಅಕ್ಕನ ಮನೆಯಲ್ಲಿ ಎರಡೂ ಇಲ್ಲ. ಆದರೆ ಈ ಎರಡನ್ನೂ ಅಳೆಯುವ ಒಂದು ಸಾಧನ ಅಲ್ಲಿದೆ. ಅದರ ಮಾತು ಆಮೇಲೆ.

ಮೊದಲು ನಮ್ಮ ಊರಿನ ಸೆಕೆ ಎಂಥದ್ದು ಎಂದು ತಿಳಿಯಬೇಕು

ತುಮಕೂರು ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 36, 37 ಡಿಗ್ರಿ ಬಿಸಿಲು ಕಾಯುತ್ತದೆ, ನಿಜ. ಆದರೆ ನಡುರಾತ್ರಿ ದಾಟಿದ ಮೇಲೆ ಅಂಗಳಕ್ಕೆ ಬಂದು ನಿಂತರೆ ಗಾಳಿ ತಂಪಾಗಿರುತ್ತದೆ. ಬೆಳಗಿನ ಜಾವ 22, 23 ಡಿಗ್ರಿಗೆ ಇಳಿಯುತ್ತದೆ. ರಾಯಚೂರು, ಕಲಬುರಗಿ ಕಡೆಯವರಿಗೆ ಈ ಭಾಗ್ಯವಿಲ್ಲ. ಅಲ್ಲಿ ರಾತ್ರಿಯ ಗಾಳಿಯೂ ಬಿಸಿಯಾಗಿರುತ್ತದೆ.

ಹೊರಗೆ ತಂಪಿದ್ದ ಮೇಲೆ ಒಳಗೆ ಯಾಕೆ ನಿದ್ದೆ ಬರುವುದಿಲ್ಲ? ಇದಕ್ಕೆ ಉತ್ತರ ತಲೆಯ ಮೇಲಿದೆ. ರಾತ್ರಿ ಹತ್ತು ಗಂಟೆಗೆ ಸ್ಟೂಲ್ ಹತ್ತಿ ಆರ್‌ಸಿಸಿ ತಾರಸಿಯ ಒಳಮೈಗೆ ಅಂಗೈ ಇಟ್ಟು ನೋಡಿ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಆಗ ರೊಟ್ಟಿ ಬೇಯಿಸಿ ಇಳಿಸಿದ ಹೆಂಚಿನ ಹಾಗೆ ಇನ್ನೂ ಬೆಚ್ಚಗಿರುತ್ತದೆ. ಆ ಬಿಸಿ ಬೆಳಗಿನ ಜಾವ ಮೂರು ಗಂಟೆವರೆಗೂ ಕೆಳಗೆ ಇಳಿಯುತ್ತಲೇ ಇರುತ್ತದೆ. ನಮ್ಮ ತುಮಕೂರಿನ ಕೋಣೆ ಹತ್ತು ಅಡಿ ಹನ್ನೊಂದು ಅಡಿ, ಮೇಲಿನ ಮಹಡಿ. ಏಪ್ರಿಲ್ ಎರಡನೇ ವಾರ ರಾತ್ರಿ ಹತ್ತಕ್ಕೆ ಅಳೆದಾಗ ಬಾಲ್ಕನಿಯಲ್ಲಿ 27 ಡಿಗ್ರಿ ಇತ್ತು, ಕೋಣೆಯೊಳಗೆ 32. ಐದು ಡಿಗ್ರಿ ವ್ಯತ್ಯಾಸ ಪೂರ್ತಿ ತಾರಸಿಯದು, ಗೋಡೆಯದು. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಸುತ್ತುತ್ತದೆ.

ಈ ಒಂದು ಸಂಗತಿ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಕೂಲರ್ ಹೊರಗಿನ ಗಾಳಿಯನ್ನು ಒಳಗೆ ತಳ್ಳಿ, ಒಳಗಿನ ಬಿಸಿಗಾಳಿಯನ್ನು ಆಚೆ ಕಳಿಸುತ್ತದೆ. ಎಸಿ ಕೋಣೆಯನ್ನು ಮುಚ್ಚಿಸಿ, ಇರುವ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗೆ ಮಾಡುತ್ತದೆ. ಅಂದರೆ ಎಸಿ ರಾತ್ರಿಯಿಡೀ ನಿಮ್ಮ ತಾರಸಿಯ ಜೊತೆ ಹೋರಾಡುತ್ತದೆ. ಆ ಹೋರಾಟದ ಖರ್ಚು ಮೀಟರಿನಲ್ಲಿ ಬರೆದುಕೊಳ್ಳುತ್ತದೆ.

ಮೀಟರ್ ನೋಡಿ ಅಳೆದ ಬಗೆ

ಇದಕ್ಕೆ ಯಾವ ಉಪಕರಣವೂ ಬೇಡ. ಗೋಡೆಯ ಡಿಜಿಟಲ್ ಮೀಟರಿನಲ್ಲಿ kWh ಎಂದು ತೋರಿಸುವಾಗ ಬರುವ ಅಂಕಿಯೇ ಯೂನಿಟ್. ಒಂದು ರಾತ್ರಿ ಹತ್ತಕ್ಕೆ, ಮತ್ತೆ ಬೆಳಗ್ಗೆ ಆರಕ್ಕೆ ಆ ಅಂಕಿಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಅಂದು ಕೂಲರ್ ಆಗಲಿ ಎಸಿ ಆಗಲಿ ಹಾಕಬೇಡಿ. ಫ್ರಿಜ್ಜು, ಫ್ಯಾನು ಎಂದಿನಂತೆ ಓಡಲಿ. ಮಾರನೆಯ ರಾತ್ರಿ ಮೆಷಿನ್ ಹಾಕಿ ಮತ್ತೆ ಹಾಗೇ ಎರಡು ಫೋಟೋ ತೆಗೆಯಿರಿ. ಎರಡನೇ ರಾತ್ರಿಯ ಯೂನಿಟ್ಟಿನಲ್ಲಿ ಮೊದಲ ರಾತ್ರಿಯದನ್ನು ಕಳೆದರೆ ಮೆಷಿನ್ ತಿಂದದ್ದು ಸಿಗುತ್ತದೆ.

ನಮ್ಮ ಕೂಲರ್ ಮೈಮೇಲಿನ ಚೀಟಿಯಲ್ಲಿ 150 ವ್ಯಾಟ್ ಎಂದಿದೆ. ಎಂಟು ಗಂಟೆಗೆ 1,200 ವ್ಯಾಟ್-ಅವರ್, ಅಂದರೆ 1.2 ಯೂನಿಟ್. ಮೀಟರೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಕೂಲರಿನಲ್ಲಿ ಇರುವುದು ಒಂದು ಫ್ಯಾನು, ಒಂದು ಪುಟ್ಟ ಪಂಪು. ಹೊರಗೆ ಎಷ್ಟೇ ಸೆಕೆ ಇರಲಿ, ಅದು ತಿನ್ನುವುದು ಅಷ್ಟೇ.

ಎಸಿ ಹಾಗಲ್ಲ. ಅದರ ಮೇಲೆ ಅಂಟಿಸಿದ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಆ ವರ್ಷ ಅಂದರೆ 365 ದಿನ ಅಲ್ಲ, 1,600 ಗಂಟೆ. ಹಾಗಾಗಿ ಚೀಟಿಯ ಅಂಕಿಯನ್ನು 1,600ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಎಂದು ಅಂದಾಜು ಸಿಗುತ್ತದೆ. 640 ಯೂನಿಟ್ ಎಂದು ಇದ್ದರೆ ಗಂಟೆಗೆ 0.4 ಯೂನಿಟ್. ಎಂಟು ಗಂಟೆಗೆ 3.2. ಆದರೆ ಇದು ಪ್ರಯೋಗಶಾಲೆಯ ಲೆಕ್ಕ. ನಿಮ್ಮ ತಾರಸಿ, ನಿಮ್ಮ ಕಿಟಕಿ, ನೀವು ರಿಮೋಟಿನಲ್ಲಿ ಒತ್ತುವ ಅಂಕಿ, ಈ ಮೂರರ ಮೇಲೆ ಅದು ಏರುತ್ತದೆ, ಇಳಿಯುತ್ತದೆ.

ಗುಬ್ಬಿಯ ಮಾವನವರು ಮಾರ್ಚ್ ಕೊನೆಯಲ್ಲಿ ಅಡಿಕೆ ದುಡ್ಡು ಕೈಗೆ ಬಂದಾಗ ಇನ್ವರ್ಟರ್ ಎಸಿ ಹಾಕಿಸಿದ್ದರು. ಅತ್ತೆಯವರಿಗೆ ಬಿಪಿ ಇದೆ, ಸೆಕೆಗೆ ನಿದ್ದೆ ಕೆಟ್ಟರೆ ಬೆಳಗ್ಗೆ ತಲೆಸುತ್ತು ಬರುತ್ತದೆ. ಹಾಗಾಗಿ ಅದನ್ನು ಶೋಕಿ ಎನ್ನುವಂತಿಲ್ಲ. ಮಾವನವರು ರಿಮೋಟನ್ನು 20ಕ್ಕೆ ಇಟ್ಟು, ಇಬ್ಬರೂ ಕಂಬಳಿ ಹೊದ್ದು ಮಲಗುತ್ತಿದ್ದರು. ಆ ರೀತಿ ಎಂಟು ಗಂಟೆಗೆ 5.3 ಯೂನಿಟ್ ಹೋಗುತ್ತಿತ್ತು. 26ಕ್ಕೆ ಇಟ್ಟು, ಮೇಲೆ ಫ್ಯಾನನ್ನು ಎರಡರಲ್ಲಿ ತಿರುಗಿಸಿದಾಗ 3.5 ಯೂನಿಟ್. ಕಂಬಳಿಯ ಅಗತ್ಯವೂ ಇರಲಿಲ್ಲ. 2020ರಿಂದ ಬರುವ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಗೆ ನಿಲ್ಲುವಂತೆ ಸರ್ಕಾರ ನಿಯಮ ಮಾಡಿರುವುದೂ ಇದೇ ಕಾರಣಕ್ಕೆ. ಬಟನ್ ಒತ್ತಿ ಕೆಳಗಿಳಿಸುವವರು ನಾವೇ.

ಯೂನಿಟ್ ಲೆಕ್ಕಕ್ಕಿಂತ ದೊಡ್ಡದು 200ರ ಗೆರೆ

ಇಲ್ಲಿಯವರೆಗೆ ಓದಿದರೆ ಎಸಿ ಕೂಲರಿನ ಮೂರು ಪಟ್ಟು ತಿನ್ನುತ್ತದೆ, ಖರ್ಚೂ ಮೂರು ಪಟ್ಟು ಎನಿಸುತ್ತದೆ. ಬಿಲ್ ಹಾಗೆ ಬರುವುದಿಲ್ಲ. ನಡುವೆ ಗೃಹಜ್ಯೋತಿ ಇದೆ.

ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಎಂದು ಬಹಳ ಜನ ತಿಳಿದಿದ್ದಾರೆ. ಪ್ರತಿ ಮನೆಗೂ ಅದರದೇ ಮಿತಿ ಇದೆ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಅರ್ಹ ಯೂನಿಟ್ ನಿಗದಿ ಮಾಡಿದ್ದಾರೆ. ಅದು ನಿಮ್ಮ ಬಿಲ್ಲಿನಲ್ಲೇ ಇರುತ್ತದೆ. ಆ ಮಿತಿಯೊಳಗಿದ್ದರೆ ಬಿಲ್ ಸೊನ್ನೆ. ಮಿತಿ ದಾಟಿ 200ರೊಳಗೆ ನಿಂತರೆ ದಾಟಿದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ ಕಟ್ಟಬೇಕು. 201ನೇ ಯೂನಿಟ್ ಬಂದ ಕ್ಷಣ ಅದರ ಹಿಂದಿನ ಎಲ್ಲ ಯೂನಿಟ್ಟುಗಳೂ ಲೆಕ್ಕಕ್ಕೆ ಬಂದು ನಿಲ್ಲುತ್ತವೆ.

ಗುಬ್ಬಿ ಮನೆಯನ್ನೇ ಬಿಡಿಸಿ ನೋಡೋಣ. ಅವರ ಅರ್ಹ ಯೂನಿಟ್ 110. ಎಸಿ ಇಲ್ಲದಾಗ ಬೇಸಿಗೆಯಲ್ಲಿ ಬಳಸುತ್ತಿದ್ದದ್ದು 105. ಬಿಲ್ ಸೊನ್ನೆ. ಗೃಹಬಳಕೆಯ ದರ 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಸರ್ಚಾರ್ಜು, ತೆರಿಗೆ, ತಿಂಗಳು ತಿಂಗಳು ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕ ಎಲ್ಲ ಸೇರುತ್ತವೆ. ಸುಲಭಕ್ಕೆ ಯೂನಿಟ್ಟಿಗೆ 7 ರೂಪಾಯಿ ಹಿಡಿಯೋಣ. ಪೂರ್ತಿ ಬಿಲ್ ಬಂದಾಗ ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕವೂ ಇದೆ. ಆಗ ಕಿಲೋವ್ಯಾಟಿಗೆ 145ರಂತೆ ಅವರ ಎರಡು ಕಿಲೋವ್ಯಾಟಿಗೆ 290 ರೂಪಾಯಿ ಆಗುತ್ತಿತ್ತು.

20 ಡಿಗ್ರಿಗೆ ಇಟ್ಟು ಮಲಗಿದ ತಿಂಗಳು ಎಸಿ ತಿಂದದ್ದು 159 ಯೂನಿಟ್. ಮನೆಯ 105 ಸೇರಿ 264. 200ರ ಗೆರೆ ದಾಟಿತು. ಬಿಲ್ ಸುಮಾರು 2,140 ರೂಪಾಯಿ. ವರ್ಷಗಟ್ಟಲೆ ಸೊನ್ನೆ ಬಿಲ್ ನೋಡಿದ ಮಾವನವರು ಮೀಟರ್ ಕೆಟ್ಟಿದೆ ಎಂದೇ ನಂಬಿದ್ದರು. "ಒಂದ್ ಮೆಷಿನ್ನಿಗೆ ಎರಡ್ ಸಾವ್ರ ಎಲ್ಲಾದ್ರೂ ಬರುತ್ತೇನಪ್ಪಾ?" ಎಂದು ಕೇಳಿದರು. ಮೀಟರ್ ಸರಿಯಾಗಿಯೇ ಇತ್ತು. ಎಸಿ ತಿಂದದ್ದು ಸಾವಿರದ ನೂರು ರೂಪಾಯಿ ಕರೆಂಟು. ಉಳಿದ ಸಾವಿರ ಹೋದದ್ದು ಗೆರೆ ದಾಟಿದ್ದಕ್ಕೆ.

26ಕ್ಕೆ ಏರಿಸಿದರೆ ಎಸಿಯದು 105 ಯೂನಿಟ್, ಒಟ್ಟು 210. ಇಷ್ಟು ಉಳಿಸಿದರೂ ಬಿಲ್ 1,760. ಯಾಕೆಂದರೆ ಇನ್ನೂ ಹತ್ತು ಯೂನಿಟ್ ಗೆರೆಯ ಆಚೆಯೇ ಇದೆ.

ಇಲ್ಲಿ ನಾವು ತಾರಸಿಯ ಕಡೆ ತಿರುಗಿದೆವು. ಮಾವನವರು ಆಳು ಕರೆಸಿ ತಾರಸಿಗೆ ಎರಡು ಕೈ ಸುಣ್ಣ ಬಳಿಸಿದರು. ಬೆಡ್‌ರೂಮಿನ ಮೇಲಿನ ಜಾಗಕ್ಕೆ ತೋಟದ ತೆಂಗಿನ ಗರಿಗಳನ್ನು ದಪ್ಪಗೆ ಹಾಸಿ, ಗಾಳಿಗೆ ಹಾರದಂತೆ ಇಟ್ಟಿಗೆ ಹೇರಿದರು. ಗರಿ ಅವರಿಗೆ ಪುಕ್ಕಟೆ. ಮತ್ತೆ ಅಳೆದಾಗ ಎಸಿ ರಾತ್ರಿಗೆ ಮೂರೂವರೆ ಬದಲು ಮೂರು ಯೂನಿಟ್ಟಿಗೆ ಇಳಿದಿತ್ತು. ಅರ್ಧ ಯೂನಿಟ್ ಅಂದರೆ ಏನು ಮಹಾ ಎನಿಸಬಹುದು. ಆದರೆ ತಿಂಗಳಿಗೆ 90 ಯೂನಿಟ್, ಮನೆಯದು ಸೇರಿ 195. ಗೆರೆಯ ಈಚೆಗೆ ಬಂತು. ಈಗ ಕಟ್ಟಬೇಕಾದ್ದು 110ರ ಮೇಲಿನ 85 ಯೂನಿಟ್ಟಿಗೆ ಮಾತ್ರ, 595 ರೂಪಾಯಿ. 1,760ರಿಂದ 595ಕ್ಕೆ ಇಳಿಸಿದ್ದು ಸುಣ್ಣ ಮತ್ತು ತೆಂಗಿನ ಗರಿ.

195 ಅಂದರೆ ಅಂಚಿನಲ್ಲಿ ನಿಂತ ಹಾಗೆ. ನೆಂಟರು ಬಂದು ನಾಲ್ಕು ದಿನ ಗೀಸರ್ ಹಾಕಿದರೆ ಮುಗಿಯಿತು. ಅದಕ್ಕೆ ಎಸಿಯ ಟೈಮರನ್ನು ರಾತ್ರಿ ಎರಡು ಗಂಟೆಗೆ ಆಫ್ ಆಗುವಂತೆ ಇಟ್ಟೆವು. ಅಷ್ಟೊತ್ತಿಗೆ ಹೊರಗೆ ತಂಪು ಇಳಿದಿರುತ್ತದೆ. ಅತ್ತೆಯವರು ಎದ್ದಾಗ ಕಿಟಕಿ ತೆರೆದರೆ ಬೆಳಗಿನವರೆಗೆ ಫ್ಯಾನ್ ಸಾಕಾಗುತ್ತದೆ. ಹತ್ತರಿಂದ ಎರಡರವರೆಗೆ ಎರಡು ಯೂನಿಟ್. ತಿಂಗಳಿಗೆ 60, ಒಟ್ಟು 165. ಬಿಲ್ 385 ರೂಪಾಯಿ.

ಅದೇ ಕೋಣೆ, ಅದೇ ಮೆಷಿನ್, ಅದೇ ತಿಂಗಳು. 2,140 ರೂಪಾಯಿಯೂ ಬರಬಹುದು, 385ಕ್ಕೂ ನಿಲ್ಲಬಹುದು.

ಅದೇ ಮನೆಯಲ್ಲಿ ಎಸಿ ಬದಲು ಕೂಲರ್ ಇದ್ದಿದ್ದರೆ? ರಾತ್ರಿಗೆ 1.2ರಂತೆ 36 ಯೂನಿಟ್, ಒಟ್ಟು 141. ಬಿಲ್ 217 ರೂಪಾಯಿ. ಕೂಲರೇ ಕಡಿಮೆ, ಅದರಲ್ಲಿ ಮಾತಿಲ್ಲ. ಆದರೆ ಜೋಪಾನವಾಗಿ ಬಳಸಿದ ಎಸಿಗೂ ಕೂಲರಿಗೂ ತಿಂಗಳಿಗೆ ವ್ಯತ್ಯಾಸ 170 ರೂಪಾಯಿ. ಬೇಕಾಬಿಟ್ಟಿ ಬಳಸಿದ ಎಸಿಗೂ ಕೂಲರಿಗೂ ಸಾವಿರದ ಒಂಬೈನೂರು.

ಕುಣಿಗಲ್ಲಿನ ಹುಳು ಮನೆ ಹೇಳಿದ್ದು

ಕೂಲರ್ ಅಗ್ಗ ಸರಿ, ಅದು ತಂಪು ಮಾಡಬೇಕಲ್ಲ? "ನಮ್ಮನೇಲಿ ಕೂಲರ್ ಕೆಲಸಾನೇ ಮಾಡಲ್ಲ ಕಣ್ರೀ" ಎನ್ನುವವರೂ ಇದ್ದಾರೆ, "ಎಸಿ ಏನಕ್ಕೆ, ಕೂಲರೇ ಸಾಕು" ಎನ್ನುವವರೂ ಇದ್ದಾರೆ. ಇಬ್ಬರದೂ ನಿಜ. ಯಾವಾಗ ಯಾವುದು ನಿಜ ಎಂದು ತೋರಿಸಿಕೊಟ್ಟದ್ದು ನಮ್ಮ ಅಕ್ಕನ ಹುಳು ಮನೆ.

ಕುಣಿಗಲ್ ಕಡೆ ರೇಷ್ಮೆ ಸಾಕುವವರಿಗೆ ಇದು ಹೊಸತಲ್ಲ. ಹುಳು ಮನೆಯ ಗೋಡೆಯಲ್ಲಿ ಜೋಡಿ ಥರ್ಮಾಮೀಟರ್ ನೇತಾಡುತ್ತಿರುತ್ತದೆ. ಒಂದರ ಬುಡ ಒಣಗಿರುತ್ತದೆ. ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿ, ಅದರ ತುದಿಯನ್ನು ನೀರಿನ ಪುಟ್ಟ ಬಟ್ಟಲಿಗೆ ಬಿಟ್ಟಿರುತ್ತಾರೆ. ಒದ್ದೆ ಬತ್ತಿಯ ನೀರು ಆರುವಾಗ ಬಿಸಿಯನ್ನು ಎಳೆದುಕೊಳ್ಳುವುದರಿಂದ ಆ ಕಡ್ಡಿ ಕಡಿಮೆ ಡಿಗ್ರಿ ತೋರಿಸುತ್ತದೆ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರುತ್ತದೆ, ಎರಡು ಕಡ್ಡಿಗಳ ಅಂತರ ಹೆಚ್ಚುತ್ತದೆ. ಬೇಸಿಗೆಯಲ್ಲಿ ಹುಳು ಮನೆಗೆ ಒದ್ದೆ ಗೋಣಿಚೀಲ ಕಟ್ಟುವುದೂ ಇದೇ ಲೆಕ್ಕದ ಮೇಲೆ. ಕೂಲರ್ ಅಂದರೆ ಫ್ಯಾನ್ ಕಟ್ಟಿದ ಒದ್ದೆ ಗೋಣಿಚೀಲ, ಅಷ್ಟೇ.

ಒಳ್ಳೆಯ ಪ್ಯಾಡ್ ಇರುವ ಕೂಲರ್ ಈ ಅಂತರದ ಸುಮಾರು ಮುಕ್ಕಾಲು ಭಾಗದಷ್ಟು ಗಾಳಿಯನ್ನು ತಣಿಸುತ್ತದೆ. ನಾವು ಸ್ವಲ್ಪ ಕಡಿಮೆಯೇ ಹಿಡಿದು, ನೂರಕ್ಕೆ ಎಪ್ಪತ್ತು ಎನ್ನೋಣ. ಏಪ್ರಿಲ್ ಮಧ್ಯದ ಒಂದು ಮಧ್ಯಾಹ್ನ ಅಕ್ಕನ ಮನೆಯ ಜಗಲಿಯಲ್ಲಿ ಒಣ ಕಡ್ಡಿ 36, ಒದ್ದೆ ಕಡ್ಡಿ 22 ತೋರಿಸಿತು. ಅಂತರ 14. ಅದರ ಎಪ್ಪತ್ತು ಭಾಗ ಹತ್ತು ಡಿಗ್ರಿ. ಅಂದರೆ ಆಗ ಕೂಲರಿನಿಂದ 26 ಡಿಗ್ರಿಯ ಗಾಳಿ ಬರುತ್ತದೆ. ಎಸಿಗೆ ನಾವು ಇಟ್ಟುಕೊಂಡ ಅಂಕಿಯೂ ಅದೇ 26!

ಭರಣಿ ಮಳೆ ಒಂದು ಹದ ಬಿದ್ದ ಮಾರನೆ ದಿನ ಮತ್ತೆ ನೋಡಿದೆವು. ಒಣ ಕಡ್ಡಿ 31, ಒದ್ದೆ ಕಡ್ಡಿ 26. ಅಂತರ ಬರೀ ಐದು. ಕೂಲರ್ ಈಗ ಮೂರೂವರೆ ಡಿಗ್ರಿ ಇಳಿಸಿ, 27ರ ಮೇಲಿನ ಗಾಳಿಯನ್ನು ಕೊಡುತ್ತದೆ. ಅದರ ಜೊತೆ ತೇವವನ್ನೂ ಒಳಗೆ ತುಂಬುತ್ತದೆ. ಮೈ ಅಂಟಂಟಾಗುತ್ತದೆ. ಮೆಷಿನ್ ಅದೇ, ಕರೆಂಟೂ ಅಷ್ಟೇ, ಗಾಳಿ ಬದಲಾಗಿದೆ.

ಅಂದಿನಿಂದ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಅಂತರ ಎಂಟಕ್ಕಿಂತ ಹೆಚ್ಚಿದ್ದರೆ ಪಂಪ್ ಹಾಕುತ್ತೇವೆ. ಐದಕ್ಕಿಂತ ಕಡಿಮೆಯಾದರೆ ಪಂಪ್ ಆಫ್ ಮಾಡಿ ಬರೀ ಗಾಳಿ ಎಳೆಸುತ್ತೇವೆ. ನಡುವೆ ಇದ್ದರೆ ಮೈಗೆ ಹಿತವಾದದ್ದು ನೋಡಿಕೊಳ್ಳುತ್ತೇವೆ. ಜೋಡಿ ಥರ್ಮಾಮೀಟರ್ ಇಲ್ಲದಿದ್ದರೆ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿ. ಉಪ್ಪು ನೀರೊಡೆಯಲು ಶುರುವಾದರೆ, ಹಪ್ಪಳ ಮೆತ್ತಗಾದರೆ, ಕೂಲರಿನ ಪಂಪಿಗೆ ರಜೆ ಕೊಡುವ ಕಾಲ ಬಂತು ಎಂದೇ ಅರ್ಥ. ನಮ್ಮ ಕಡೆ ಫೆಬ್ರುವರಿ ಕೊನೆಯಿಂದ ಏಪ್ರಿಲ್ ಮುಗಿಯುವವರೆಗೆ ಕೂಲರಿನ ಕಾಲ. ಮೇ ತಿಂಗಳಲ್ಲಿ ಮಳೆಯ ಮೇಲೆ ಹೋಗುತ್ತದೆ.

ಕೂಲರ್ ಕೆಲಸ ಮಾಡದಿರಲು ಇನ್ನೊಂದು ಕಾರಣ

ಒಣ ಹವೆಯಲ್ಲೂ ಕೂಲರ್ ಸೋಲುವ ಮನೆಗಳಿವೆ. ಹತ್ತರಲ್ಲಿ ಎಂಟು ಕಡೆ ನಾವು ಕಂಡ ಕಾರಣ ಒಂದೇ. ಕೂಲರನ್ನು ಮಂಚದ ಪಕ್ಕ ಇಟ್ಟು, ಬಾಗಿಲು ಕಿಟಕಿ ಎಲ್ಲ ಭದ್ರ ಮಾಡಿ ಮಲಗುತ್ತಾರೆ. ಎಸಿ ಅಭ್ಯಾಸ ಕೂಲರಿಗೂ ಬಂದಿದೆ. ಹಾಗೆ ಮಾಡಿದರೆ ಕೂಲರ್ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ಒದ್ದೆ ಮಾಡುತ್ತದೆ. ಅರ್ಧ ಗಂಟೆಯಲ್ಲಿ ಗಾಳಿಗೆ ತೇವ ಸಾಕಾಗಿ, ನೀರು ಆರುವುದು ನಿಲ್ಲುತ್ತದೆ. ನೀರು ಆರದಿದ್ದರೆ ತಂಪಿಲ್ಲ.

ಕೂಲರಿನ ಬೆನ್ನು ಹೊರಗಿನ ಗಾಳಿಗೆ ಇರಬೇಕು. ಕಿಟಕಿಗೆ ಒತ್ತಿ ನಿಲ್ಲಿಸಬೇಕು, ಎದುರಿನ ಬಾಗಿಲನ್ನೋ ಕಿಟಕಿಯನ್ನೋ ಒಂದು ಗೇಣು ತೆರೆದಿರಬೇಕು. ಸೊಳ್ಳೆ ಬರುತ್ತದೆ ಎಂದಾದರೆ ಆ ಸಂದಿಗೆ ಜಾಲರಿ ಹೊಡೆಸಿ. ನಮ್ಮ ಕೋಣೆಯಲ್ಲಿ ಎರಡೂ ಬಗೆ ನೋಡಿದೆವು. ಮುಚ್ಚಿದ ಕೋಣೆಯಲ್ಲಿ 32 ಡಿಗ್ರಿ ಅರ್ಧ ಗಂಟೆಗೆ 30 ಆಯಿತು, ಹಾಸಿಗೆ ತಣ್ಣಗೆ ಒದ್ದೊದ್ದೆ ಅನ್ನಿಸಿತು. ಕೂಲರನ್ನು ಬಾಲ್ಕನಿ ಕಿಟಕಿಗೆ ಕೊಟ್ಟು, ಎದುರಿನ ಬಾಗಿಲು ಓರೆ ಮಾಡಿದಾಗ ಅದೇ ಅರ್ಧ ಗಂಟೆಯಲ್ಲಿ 26 ಆಯಿತು. ತಾರಸಿಯ ಬಿಸಿ ಗಾಳಿಯ ಜೊತೆ ಬಾಗಿಲಿಂದ ಆಚೆ ಹೋಗುತ್ತದೆ. ರಾತ್ರಿ ಒಂದು ಗಂಟೆಯ ಮೇಲೆ ಹೊರಗಿನ ಗಾಳಿಯೇ ತಂಪಾಗಿರುವುದರಿಂದ ನಾವು ಪಂಪ್ ನಿಲ್ಲಿಸುತ್ತೇವೆ, ಫ್ಯಾನನ್ನು ನಡುವಿನ ವೇಗಕ್ಕೆ ಇಳಿಸುತ್ತೇವೆ. ಆಗ ರಾತ್ರಿಗೆ 0.9 ಯೂನಿಟ್ ಸಾಕು. ನಮ್ಮ ಅರ್ಹ ಯೂನಿಟ್ 74, ಮಾಮೂಲಿ ಬಳಕೆ 70. ಕೂಲರಿನ 27 ಸೇರಿ 97. ಏಪ್ರಿಲ್ ಬಿಲ್ 161 ರೂಪಾಯಿ.

ಬಿಲ್ಲಿನಲ್ಲಿ ಬರದ ಖರ್ಚು

ಕೂಲರಿಗೆ ನೀರು ಬೇಕು. ನಮ್ಮದು ರಾತ್ರಿಗೆ ಹದಿನೈದು ಇಪ್ಪತ್ತು ಲೀಟರ್ ಕುಡಿಯುತ್ತದೆ, ಹೆಚ್ಚು ಕಡಿಮೆ ಒಂದೂವರೆ ಬಿಂದಿಗೆ. ತಿಂಗಳಿಗೆ ಆರುನೂರು ಲೀಟರ್ ಎನ್ನಿ. ಹೇಮಾವತಿ ನೀರಿಗಾಗಿ ತಾಲ್ಲೂಕು ತಾಲ್ಲೂಕು ಜಗಳವಾಡುವ ಜಿಲ್ಲೆ ನಮ್ಮದು, ನೀರು ಸುಮ್ಮನೆ ಬರುವುದಿಲ್ಲ. ಆದರೂ ಐದು ಸಾವಿರ ಲೀಟರಿನ ಟ್ಯಾಂಕರಿಗೆ ಏಳುನೂರು ಕೊಟ್ಟರೂ ಕೂಲರಿನ ಪಾಲು ತಿಂಗಳಿಗೆ ಎಂಬತ್ತೈದು ರೂಪಾಯಿ ದಾಟುವುದಿಲ್ಲ. ದುಡ್ಡಿಗಿಂತ, ನಲ್ಲಿ ವಾರಕ್ಕೊಮ್ಮೆ ಬರುವ ಮನೆಯಲ್ಲಿ ಒಂದೂವರೆ ಬಿಂದಿಗೆ ಹೊತ್ತು ಮಹಡಿ ಹತ್ತುವವರು ಯಾರು ಎನ್ನುವುದೇ ದೊಡ್ಡ ಪ್ರಶ್ನೆ. ನಮ್ಮ ಮನೆಯಲ್ಲಿ ಅದನ್ನು ಸರದಿ ಮಾಡಿಕೊಂಡಿದ್ದೇವೆ. ಕೂಲರ್ ಕೊಳ್ಳುವ ಮೊದಲು ನಿಮ್ಮ ಮನೆಯಲ್ಲೂ ಈ ಮಾತು ಮುಗಿಸಿಕೊಳ್ಳಿ.

ಬೋರ್‌ವೆಲ್ ನೀರು ಹಾಕುವವರ ಪ್ಯಾಡ್ ಮೇಲೆ ಬಿಳಿ ಸುಣ್ಣದ ಪುಡಿ ಕಟ್ಟುತ್ತದೆ. ಪಾತ್ರೆಯ ತಳದಲ್ಲಿ ಕಟ್ಟುವ ಅದೇ ಸುಣ್ಣ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ತೊಟ್ಟಿಯಲ್ಲಿ ಉಳಿದ ನೀರಿಗೇ ಹೊಸ ನೀರು ಸುರಿಯುತ್ತಾ ಹೋದರೆ ನೀರು ದಿನದಿನಕ್ಕೂ ಗಡಸಾಗುತ್ತದೆ. ಪ್ಯಾಡಿನ ಕಣ್ಣುಗಳು ಮುಚ್ಚಿ, ಗಾಳಿ ಕಡಿಮೆಯಾಗುತ್ತದೆ. ಪ್ಯಾಡ್ ಮುಟ್ಟಿ ನೋಡಿ, ನೀರು ಸುರಿಯುತ್ತಿದ್ದರೂ ಅಲ್ಲಲ್ಲಿ ಒಣಗಿ ಗರಗಸದ ಹಾಗೆ ಒರಟಾಗಿದ್ದರೆ ಅಲ್ಲಿ ಕೆಲಸ ನಿಂತಿದೆ ಎಂದು ತಿಳಿಯಿರಿ. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಉಜ್ಜಿ, ಒಣಗಿಸಿ ತುಂಬಬೇಕು. ಆ ನೀರನ್ನು ಗಿಡಕ್ಕೆ ಹಾಕಬಹುದು. ವಾರಕ್ಕೊಮ್ಮೆ ಎನ್ನಲು ಇನ್ನೊಂದು ಕಾರಣವಿದೆ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಅದು ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು.

ಕಬ್ಬಿಣದ ಮೈಯ ಕೂಲರ್ ಆದರೆ ಎರಡು ಪಿನ್ನಿನ ಪ್ಲಗ್ಗಿಗೆ ಸಿಕ್ಕಿಸಬೇಡಿ. ನೀರು, ಕಬ್ಬಿಣ, ಕರೆಂಟು ಮೂರೂ ಒಂದೇ ಕಡೆ ಇರುವ ಮೆಷಿನ್ ಅದು. ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಬೇಕು, ನೀರು ತುಂಬುವಾಗ ಪ್ಲಗ್ ಕಿತ್ತಿರಬೇಕು.

ಎಸಿಗೆ ನೀರು ಬೇಡ, ಆದರೆ ಅದರ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಗುಬ್ಬಿಯಲ್ಲಿ ಅಡಿಕೆ ಸುಲಿಯುವ ಮನೆಯ ಧೂಳಿಗೆ ಜಾಲರಿ ಬೇಗ ಕಟ್ಟುತ್ತದೆ. ಕಟ್ಟಿದರೆ ತಂಪು ತಡವಾಗುತ್ತದೆ, ಯೂನಿಟ್ ಏರುತ್ತದೆ. ವರ್ಷಕ್ಕೊಂದು ಸರ್ವೀಸು ಬೇಕು. ವೋಲ್ಟೇಜ್ ಇಳಿಯುವ ಹಳ್ಳಿಗಳಲ್ಲಿ ಸ್ಟೆಬಿಲೈಸರ್ ಬೇಕಾಗಬಹುದು. ಮಂಜೂರಾದ ಲೋಡ್ ಒಂದೇ ಕಿಲೋವ್ಯಾಟ್ ಇದ್ದರೆ ಎಸಿ ಹಾಕಿಸುವ ಮೊದಲು ಅದನ್ನು ಹೆಚ್ಚಿಸಿಕೊಳ್ಳಬೇಕು. ಕರೆಂಟ್ ಹೋದಾಗ ಎಸಿ ನಿಲ್ಲುತ್ತದೆ. ಕೂಲರ್ ಆದರೆ ಮನೆಯ ಯುಪಿಎಸ್ ಬ್ಯಾಟರಿಯ ಮೇಲೂ ಕೆಲವು ಗಂಟೆ ಓಡುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಫೋನಿನಲ್ಲಿ ಕೇಳಿದವರಿಗೆ ಈಗ ನಾವು ನಾಲ್ಕು ಪ್ರಶ್ನೆ ತಿರುಗಿಸಿ ಕೇಳುತ್ತೇವೆ. ಬಿಲ್ಲಿನಲ್ಲಿ ಅರ್ಹ ಯೂನಿಟ್ ಎಷ್ಟು ಎಂದಿದೆ? ಕಳೆದ ಏಪ್ರಿಲಿನಲ್ಲಿ ಎಷ್ಟು ಬಳಸಿದ್ದೀರಿ? ಕೋಣೆಗೆ ಹೊರಗೋಡೆಯ ಕಿಟಕಿ ಇದೆಯೇ? ದಿನಾ ಒಂದೂವರೆ ಬಿಂದಿಗೆ ನೀರು ಹಾಕುವವರು ಇದ್ದಾರೆಯೇ?

ಹೊರಗೋಡೆಗೆ ಕಿಟಕಿ ಇದ್ದು, ನೀರಿಗೆ ತಾಪತ್ರಯ ಇಲ್ಲದಿದ್ದರೆ ನಮ್ಮ ಕಡೆಯ ಹವೆಗೆ ಕೂಲರ್ ಸಾಕು, ಏಪ್ರಿಲಿನಲ್ಲಿ ತಿಂಗಳಿಗೆ ಇನ್ನೂರು ಮುನ್ನೂರರಲ್ಲಿ ಮುಗಿಯುತ್ತದೆ. ಕಿಟಕಿಯೇ ಇಲ್ಲದ ನಡುಮನೆ ಕೋಣೆ, ಅಥವಾ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುವ ತುಮಕೂರಿನ ಗಲ್ಲಿ ಮನೆ ಆದರೆ ಕೂಲರ್ ತಂದು ಪ್ರಯೋಜನವಿಲ್ಲ. ಉಬ್ಬಸ ಇರುವವರಿಗೂ ತೇವದ ಗಾಳಿ ಆಗಿಬರದೆ ಇರಬಹುದು. ಅವರು ಡಾಕ್ಟರನ್ನು ಕೇಳಿಯೇ ಮುಂದುವರಿಯಲಿ.

ಎಸಿಯೇ ಬೇಕೆಂದರೆ 200ರಲ್ಲಿ ಕಳೆದ ಏಪ್ರಿಲಿನ ಬಳಕೆಯನ್ನು ಕಳೆಯಿರಿ. ಉಳಿದದ್ದು ನಿಮ್ಮ ಎಸಿಯ ತಿಂಗಳ ಪಡಿತರ. 105 ಬಳಸುವ ಗುಬ್ಬಿ ಮನೆಗೆ 95 ಯೂನಿಟ್ ಸಿಕ್ಕಿತು, ದಿನಕ್ಕೆ ಮೂರು. ನಿಮ್ಮ ಮನೆ ಈಗಾಗಲೇ 170 ಬಳಸುತ್ತಿದ್ದರೆ ಉಳಿಯುವುದು 30, ದಿನಕ್ಕೆ ಒಂದು. ಒಂದು ಯೂನಿಟ್ಟಿನಲ್ಲಿ ಎಸಿ ಎರಡು ಎರಡೂವರೆ ಗಂಟೆ ಮಾತ್ರ ಓಡುತ್ತದೆ. ಅಂಥ ಮನೆಗೆ ಎಸಿ ಬಂದ ತಿಂಗಳು ಗೃಹಜ್ಯೋತಿ ಹೋಯಿತು ಎಂದೇ ಲೆಕ್ಕ. ಅಲ್ಲಿ ಕೂಲರೂ 36 ಯೂನಿಟ್ ತಿಂದು ಗೆರೆ ದಾಟಿಸಬಲ್ಲದು, ಮರೆಯಬೇಡಿ. ಪಂಪ್ ನಿಲ್ಲಿಸಿ, ವೇಗ ತಗ್ಗಿಸಿ 27ಕ್ಕೆ ಇಳಿಸಿದರೆ 197ರಲ್ಲಿ ಉಳಿದೀತು.

ಮೀಟರ್ ಓದುವವರು ಬರುವ ದಿನಾಂಕ ನಿಮ್ಮ ಹಳೆಯ ಬಿಲ್ಲಿನಲ್ಲಿ ಇರುತ್ತದೆ. ಅದಕ್ಕೆ ಹತ್ತು ದಿನ ಮುಂಚೆ ಒಮ್ಮೆ ಮೀಟರ್ ನೋಡಿ, ಕಳೆದ ರೀಡಿಂಗ್ ಕಳೆಯಿರಿ. 130ರ ಮೇಲೆ ಹೋಗಿದ್ದರೆ ಟೈಮರನ್ನು ಒಂದು ಗಂಟೆ ಹಿಂದಕ್ಕೆ ಇಡಿ. ಮಾವನವರು ಈಗ ಗೋಡೆ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಾರೆ, ಪಕ್ಕದಲ್ಲಿ ರೀಡಿಂಗ್ ಬರೆಯುತ್ತಾರೆ. ಈ ವರ್ಷ ಮಾರ್ಚಿನಲ್ಲಿ ತಾರಸಿಗೆ ಸುಣ್ಣ ಬಳಿಸಿದ ಮೇಲೆಯೇ ಎಸಿಯ ಪ್ಲಗ್ ಸಿಕ್ಕಿಸಿದರು.